ಸ್ಕ್ಯಾನಿಂಗ್ ವರದಿಯ ‘ನೀರಿನ ಗುಳ್ಳೆ’ಗಳು ಮತ್ತು ತಪ್ಪುವ ಮುಟ್ಟು

ಮಗಳಿಗೆ ತಿಂಗಳ ಮುಟ್ಟು ಸರಿಯಾಗಿ ಬರುತ್ತಿಲ್ಲವೆಂದು ಸ್ಕ್ಯಾನಿಂಗ್ ಮಾಡಿಸಿದ ತಾಯಂದಿರು ಆ ವರದಿಯನ್ನು ಹಿಡಿದು ಬರುವಾಗ ಅವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಎರಡು ಭಯಗಳಿರುತ್ತವೆ. ಗರ್ಭಕೋಶದಲ್ಲಿ ಗಡ್ಡೆ ಬೆಳೆದಿದೆ, ಶಸ್ತ್ರಚಿಕಿತ್ಸೆ ಮಾಡಿಸಬೇಕಾಗುತ್ತದೆ ಎಂಬುದು ಒಂದು. ಮುಂದೆ ಮಕ್ಕಳಾಗುವುದಿಲ್ಲ ಎಂಬುದು ಇನ್ನೊಂದು. ಎರಡಕ್ಕೂ ಕಾರಣ ವರದಿಯಲ್ಲಿರುವ ‘ಪಾಲಿಸಿಸ್ಟಿಕ್’ ಎಂಬ ಪದ. ಜನರ ಬಾಯಲ್ಲಿ ಇದು ಪಿ.ಸಿ.ಓ.ಡಿ. ಎಂದಾಗಿದೆ, ವೈದ್ಯಗ್ರಂಥಗಳಲ್ಲಿ ಈಗ ಪಿ.ಸಿ.ಓ.ಎಸ್. ಎಂಬ ಹೆಸರೇ ರೂಢಿಯಲ್ಲಿದೆ.

ಈ ಹೆಸರೇ ದಾರಿ ತಪ್ಪಿಸುವಂಥದು. ಸ್ಕ್ಯಾನಿಂಗ್‌ನಲ್ಲಿ ಕಾಣುವ ಗುಳ್ಳೆಗಳು ಗಡ್ಡೆಗಳಲ್ಲ. ಅವು ಗರ್ಭಕೋಶದಲ್ಲಿಯೂ ಇರುವುದಿಲ್ಲ. ಅದರ ಎರಡೂ ಪಕ್ಕಗಳಲ್ಲಿರುವ ಅಂಡಾಶಯಗಳಲ್ಲಿ ಅಂಡಾಣುವನ್ನು ಒಳಗಿಟ್ಟುಕೊಂಡ ಸಣ್ಣ ನೀರ್ಗುಳ್ಳೆಗಳು ಇರುತ್ತವೆ. ಇವಕ್ಕೆ ಫಾಲಿಕಲ್ ಎಂದು ಹೆಸರು. ಆರೋಗ್ಯವಂತ ಸ್ತ್ರೀಯಲ್ಲಿಯೂ ಪ್ರತಿ ತಿಂಗಳು ಹಲವು ಫಾಲಿಕಲ್‌ಗಳು ಬೆಳೆಯತೊಡಗುತ್ತವೆ. ಅವುಗಳಲ್ಲಿ ಒಂದು ಮಾತ್ರ ಸುಮಾರು 20 ಮಿಲಿಮೀಟರಿನಷ್ಟಾಗಿ, ಒಡೆದು, ಅಂಡಾಣುವನ್ನು ಹೊರಬಿಡುತ್ತದೆ, ಉಳಿದವು ಬಾಡಿಹೋಗುತ್ತವೆ. ಅಂಡಾಣು ಬಿಡುಗಡೆಯಾದ ಸುಮಾರು ಹದಿನಾಲ್ಕು ದಿನಗಳಿಗೆ ಮುಟ್ಟಾಗುತ್ತದೆ. ಪಿ.ಸಿ.ಓ.ಎಸ್. ಇರುವವರಲ್ಲಿ ಫಾಲಿಕಲ್‌ಗಳ ಬೆಳವಣಿಗೆ ಹತ್ತು ಮಿಲಿಮೀಟರಿನೊಳಗೇ ನಿಂತುಬಿಡುತ್ತದೆ. ಯಾವುದೂ ಒಡೆಯುವುದಿಲ್ಲ. ಹೀಗೆ ಅರ್ಧಕ್ಕೆ ನಿಂತವುಗಳೇ ಅಂಡಾಶಯದ ಅಂಚಿನಲ್ಲಿ ಸಾಲಾಗಿ ಕಾಣಿಸುತ್ತವೆ.

ಬೆಳವಣಿಗೆ ನಿಲ್ಲುವುದೇಕೆ? ಸ್ತ್ರೀಯ ಅಂಡಾಶಯವು ಸ್ವಲ್ಪ ಪ್ರಮಾಣದಲ್ಲಿ ಪುರುಷ ಹಾರ್ಮೋನನ್ನೂ ತಯಾರಿಸುತ್ತದೆ. ಈ ತೊಂದರೆಯಲ್ಲಿ ಆ ಪ್ರಮಾಣ ಹೆಚ್ಚಾಗುತ್ತದೆ. ಅನೇಕರಲ್ಲಿ ಇದರ ಹಿಂದೆ ಇನ್ಸುಲಿನ್‌ನ ಕೈವಾಡವಿರುತ್ತದೆ. ಶರೀರವು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ ಮೇದೋಜೀರಕ ಗ್ರಂಥಿಯು ಅದನ್ನು ಹೆಚ್ಚು ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯವನ್ನು ಪ್ರಚೋದಿಸಿ ಪುರುಷ ಹಾರ್ಮೋನನ್ನು ಏರಿಸುತ್ತದೆ. ಮುಖದ ಮೊಡವೆ, ಗಲ್ಲದ ಮೇಲಿನ ದಪ್ಪ ಕೂದಲು, ತಪ್ಪುವ ಮುಟ್ಟು ಇವು ಬೇರೆ ಬೇರೆ ಕಾಯಿಲೆಗಳಲ್ಲ, ಒಂದೇ ಬೇರಿನ ಕವಲುಗಳು. ಆಯುರ್ವೇದದ ‘ನಷ್ಟಾರ್ತವ’ದ ವರ್ಣನೆಯಲ್ಲಿ, ದೋಷಗಳು ಮಾರ್ಗವನ್ನು ಮುಚ್ಚಿದ್ದರಿಂದ ಆರ್ತವವು ನಿಲ್ಲುತ್ತದೆ ಎಂಬ ವಿಚಾರವಿದೆ. ಆದರೆ ನಷ್ಟಾರ್ತವವೇ ಪಿ.ಸಿ.ಓ.ಎಸ್. ಎಂದು ಹೇಳಿಬಿಡುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಮುಟ್ಟು ನಿಲ್ಲಲು ಕಾರಣಗಳು ಹಲವಿವೆ.

ಒಂದು ನಿದರ್ಶನವನ್ನು ನೋಡೋಣ. ಹತ್ತೊಂಬತ್ತು ವರ್ಷದ ಕಾಲೇಜು ವಿದ್ಯಾರ್ಥಿನಿ, ತೂಕ 68 ಕಿಲೋ. ಹದಿಮೂರನೆಯ ವಯಸ್ಸಿಗೆ ಋತುಮತಿಯಾದವಳು. ಎರಡು ವರ್ಷಗಳಿಂದ ಐವತ್ತು, ಅರವತ್ತು ದಿನಗಳಿಗೊಮ್ಮೆ ಮುಟ್ಟು. ಈಗ ನಾಲ್ಕು ತಿಂಗಳಿಂದ ಇಲ್ಲವೇ ಇಲ್ಲ. ದವಡೆಯ ಉದ್ದಕ್ಕೂ ಗಂಟುಗಂಟಾದ ಮೊಡವೆ, ಗಲ್ಲದ ಮೇಲೆ ಕಪ್ಪು ಕೂದಲು. ಕುತ್ತಿಗೆಯ ಹಿಂಭಾಗ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾಗಿತ್ತು. ಅದು ಕೊಳೆಯೆಂದು ತಿಳಿದ ತಾಯಿ ಕಡಲೆಹಿಟ್ಟು ಹಚ್ಚಿ ಉಜ್ಜುತ್ತಿದ್ದರು! ಅದು ಕೊಳೆಯಲ್ಲ; ರಕ್ತದಲ್ಲಿ ಇನ್ಸುಲಿನ್ ಹೆಚ್ಚಿರುವುದರ ಗುರುತು.

ಆಕೆಯ ರೋಗನಿರ್ಣಯಕ್ಕೆ ಸ್ಕ್ಯಾನಿಂಗ್ ಬೇಕಾಗಿಯೇ ಇರಲಿಲ್ಲ ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು. 2003ರಲ್ಲಿ ರಾಟರ್‌ಡ್ಯಾಮ್ ನಗರದಲ್ಲಿ ತಜ್ಞರು ಒಪ್ಪಿದ ನಿಯಮದಂತೆ ಮೂರು ಲಕ್ಷಣಗಳಲ್ಲಿ ಎರಡಾದರೂ ಇರಬೇಕು: ಅಂಡಾಣು ಸರಿಯಾಗಿ ಬಿಡುಗಡೆಯಾಗದೆ ಮುಟ್ಟು ತಪ್ಪುವುದು, ಪುರುಷ ಹಾರ್ಮೋನ್ ಹೆಚ್ಚಿರುವುದು, ಅಂಡಾಶಯದಲ್ಲಿ ಹೆಚ್ಚು ಫಾಲಿಕಲ್‌ಗಳು ಕಾಣುವುದು. ಮೊದಲನೆಯ ಮುಟ್ಟಾಗಿ ಎಂಟು ವರ್ಷಗಳು ತುಂಬುವವರೆಗೆ ಮೂರನೆಯದನ್ನು ಲೆಕ್ಕಕ್ಕೆ ಹಿಡಿಯಬಾರದೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಏಕೆಂದರೆ ಆ ವಯಸ್ಸಿನಲ್ಲಿ ಆರೋಗ್ಯವಂತ ಹುಡುಗಿಯರ ಅಂಡಾಶಯದಲ್ಲಿಯೂ ಫಾಲಿಕಲ್‌ಗಳು ಹೇರಳವಾಗಿರುತ್ತವೆ. ಮುಟ್ಟು ಕ್ರಮವಾಗಿದ್ದು, ಬೇರೆ ಲಕ್ಷಣಗಳಿಲ್ಲದೆ, ಬರೀ ಸ್ಕ್ಯಾನಿಂಗ್‌ನಲ್ಲಿ ಗುಳ್ಳೆಗಳು ಕಂಡವೆಂದು ವರ್ಷಗಟ್ಟಲೆ ಮಾತ್ರೆ ನುಂಗುವ ಹುಡುಗಿಯರನ್ನು ನಾನು ಕಂಡಿದ್ದೇನೆ. ಅವರಿಗೆ ಈ ತೊಂದರೆಯೇ ಇರುವುದಿಲ್ಲ.

ಮುಟ್ಟು ತಪ್ಪಿದ್ದೆಲ್ಲವೂ ಇದೇ ಅಲ್ಲವಾದ್ದರಿಂದ ಬೇರೆ ಕಾರಣಗಳನ್ನು ಮೊದಲು ತಳ್ಳಿಹಾಕಬೇಕು. ಈ ಹುಡುಗಿಗೂ ಎಲ್ಲರಂತೆ ಗರ್ಭಪರೀಕ್ಷೆ ಮಾಡಿಸಲಾಯಿತು. ಸಂಕೋಚಪಟ್ಟು ಇದನ್ನು ಬಿಡಬಾರದು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹಾಗೂ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸಂಬಂಧಿಸಿದ ಪರೀಕ್ಷೆಗಳು ಸರಿಯಾಗಿದ್ದವು. ಟೆಸ್ಟೋಸ್ಟೆರಾನ್ ಮಾತ್ರ ಸ್ವಲ್ಪ ಹೆಚ್ಚಿತ್ತು. ಖಾಲಿ ಹೊಟ್ಟೆಯ ಸಕ್ಕರೆ 94, ಅಂದರೆ ಸರಿ. ಆದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗಳ ನಂತರ ನೋಡಿದಾಗ 152 ಇತ್ತು. ಅದು 140ಕ್ಕಿಂತ ಕಡಿಮೆ ಇರಬೇಕು. ಖಾಲಿ ಹೊಟ್ಟೆಯ ಪರೀಕ್ಷೆಯೊಂದನ್ನೇ ನೆಚ್ಚಿದ್ದರೆ ಇದು ತಪ್ಪಿಹೋಗುತ್ತಿತ್ತು.

ನಾಲ್ಕು ತಿಂಗಳು ಮುಟ್ಟಾಗದಿದ್ದರೆ ಏನಾಯಿತು, ರಗಳೆಯಿಲ್ಲ ಎನ್ನುವವರೂ ಇದ್ದಾರೆ. ಅಂಡಾಣು ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟೆರಾನ್ ಹಾರ್ಮೋನ್ ಉತ್ಪತ್ತಿಯಾಗುವುದಿಲ್ಲ. ಗರ್ಭಕೋಶದ ಒಳಪದರವು ಉದುರದೆ ದಪ್ಪವಾಗುತ್ತಲೇ ಹೋಗುತ್ತದೆ. ಮುಂದೆ ಒಮ್ಮೆಲೇ ವಿಪರೀತ ಸ್ರಾವವಾಗಬಹುದು. ಇದು ಬಹಳ ವರ್ಷ ಹೀಗೆಯೇ ನಡೆದರೆ ಆ ಪದರದಲ್ಲಿ ಕ್ಯಾನ್ಸರಿನ ಸಂಭವವೂ ಹೆಚ್ಚುತ್ತದೆ. ಆದ್ದರಿಂದ ತೊಂಬತ್ತು ದಿನ ದಾಟಿದರೆ ಕಾಯಬಾರದು. ಆಕೆಯನ್ನು ಸ್ತ್ರೀರೋಗ ತಜ್ಞರ ಬಳಿಗೆ ಕಳುಹಿಸಿದೆ. ಅವರು ಪ್ರೊಜೆಸ್ಟೆರಾನ್ ವರ್ಗದ ಮಾತ್ರೆಯನ್ನು ಹತ್ತು ದಿನ ಕೊಟ್ಟು ನಿಲ್ಲಿಸಿದರು, ವಾರದೊಳಗೆ ಮುಟ್ಟಾಯಿತು. ಇದು ಪದರವನ್ನು ಉದುರಿಸುವ ಉಪಾಯವೇ ಹೊರತು ಮೂಲ ಚಿಕಿತ್ಸೆಯಲ್ಲ.

ಮೂಲಕ್ಕೆ ಕೈಹಾಕಲು ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿಕೆಯೇ ಅನೇಕರಿಗೆ ಸಾಕು. ಈಕೆಗೆ ಅದು ಮೂರೂವರೆ ಕಿಲೋ. ದಿನಕ್ಕೆ ನಾಲ್ಕು ಸಲ ಸಕ್ಕರೆ ಹಾಕಿದ ಚಹಾ, ಜೊತೆಗೆ ಬಿಸ್ಕತ್ತು, ರಾತ್ರಿ ಹತ್ತಕ್ಕೆ ತಟ್ಟೆ ತುಂಬ ಅನ್ನ, ಇದು ಆಕೆಯ ರೂಢಿಯಾಗಿತ್ತು. ಚಹಾದ ಸಕ್ಕರೆಯನ್ನೂ ಬಿಸ್ಕತ್ತನ್ನೂ ಬಿಡಿಸಿ, ಅನ್ನವನ್ನು ಅರ್ಧಕ್ಕಿಳಿಸಿ, ಒಂದೆರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು ಸೇರಿಸಲಾಯಿತು. ರಾತ್ರಿಯೂಟ ಎಂಟರೊಳಗೆ. ದಿನವೂ ನಲವತ್ತು ನಿಮಿಷ ಬಿರುಸಿನ ನಡಿಗೆ. ಉಪವಾಸ ಬೇಡವೆಂದೆ, ಹಸಿದು ಸಂಜೆ ಎರಡರಷ್ಟು ತಿನ್ನುವುದೇ ಹೆಚ್ಚು. ಆರು ತಿಂಗಳಲ್ಲಿ ನಾಲ್ಕು ಕಿಲೋ ಇಳಿಯಿತು, ಮುಟ್ಟು ಮೂವತ್ತೆಂಟು, ನಲವತ್ತು ದಿನಗಳಿಗೆ ಬರತೊಡಗಿತು, ಎರಡು ಗಂಟೆಯ ಸಕ್ಕರೆ 128ಕ್ಕೆ ಬಂತು. ಮೊಡವೆ ತಗ್ಗಿತು. ಗಲ್ಲದ ಕೂದಲು ಮಾತ್ರ ಹಾಗೆಯೇ ಇತ್ತು. ಅದಕ್ಕೆ ಬೇರೆ ಚಿಕಿತ್ಸೆ ಬೇಕು, ಫಲ ಕಾಣಲು ಆರು ತಿಂಗಳಿಗೂ ಮಿಕ್ಕಿ ಹಿಡಿಯುತ್ತದೆ.

ಎಲ್ಲರಿಗೂ ಇಷ್ಟರಿಂದಲೇ ಸರಿಹೋಗುವುದಿಲ್ಲ. ತೆಳ್ಳಗಿರುವವರಲ್ಲಿಯೂ ಈ ತೊಂದರೆ ಉಂಟು. ಅವರು ತೂಕ ಇಳಿಸಬೇಕಾಗಿಲ್ಲ. ಹಾರ್ಮೋನ್ ಮಾತ್ರೆಯೋ ಮೆಟ್‌ಫಾರ್ಮಿನ್ನೋ ಬೇಕಾದವರಿಗೆ ಅದನ್ನು ಕೊಡಲೇಬೇಕು. ಹೆಸರು, ಘಟಕಗಳು ಬರೆಯದ ಚೂರ್ಣವನ್ನು ‘ಮುಟ್ಟು ಬರಿಸುವ ಔಷಧಿ’ಯೆಂದು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ. ಕೆಲವೇ ತಿಂಗಳುಗಳಲ್ಲಿ ಕೂದಲು ಮಿತಿಮೀರಿ ಬೆಳೆದು ಧ್ವನಿ ಗಡುಸಾದರೆ ಅದು ಪಿ.ಸಿ.ಓ.ಎಸ್. ಅಲ್ಲದೆ ಹಾರ್ಮೋನ್ ಸುರಿಸುವ ಗಡ್ಡೆಯಾಗಿರಬಹುದು, ತಡಮಾಡದೆ ಪರೀಕ್ಷಿಸಬೇಕು.

ಮಕ್ಕಳ ವಿಷಯ. ಇಲ್ಲಿ ಅಂಡಾಣುಗಳ ಕೊರತೆಯಿಲ್ಲ, ಬಿಡುಗಡೆಯಲ್ಲಿ ಅಡಚಣೆಯಿದೆ, ಅಷ್ಟೆ. ಅನೇಕರು ಔಷಧಿಯಿಲ್ಲದೆಯೇ ಗರ್ಭ ಧರಿಸುತ್ತಾರೆ. ಆಗದವರಿಗೆ ಅಂಡಾಣುವನ್ನು ಬಿಡುಗಡೆ ಮಾಡಿಸುವ ಲೆಟ್ರೊಜೋಲ್‌ನಂತಹ ಮಾತ್ರೆಗಳಿವೆ. ಆದರೆ ಗರ್ಭಿಣಿಯಾದಾಗ ಸಕ್ಕರೆ ಏರುವ ಸಂಭವ ಇಂಥವರಲ್ಲಿ ಹೆಚ್ಚು, ಆದ್ದರಿಂದ ಮೊದಲ ತಪಾಸಣೆಯಲ್ಲಿಯೇ ವೈದ್ಯರಿಗೆ ಈ ಹಿನ್ನೆಲೆಯನ್ನು ತಿಳಿಸಬೇಕು. ಉಳಿದಂತೆ, ಮುಟ್ಟಿನ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿರಬೇಕು, ಒಂದರಿಂದ ಮೂರು ವರ್ಷಗಳಿಗೊಮ್ಮೆ ಸಕ್ಕರೆಯ ಪರೀಕ್ಷೆ ಮಾಡಿಸಬೇಕು.