ಗೆದ್ದ ದಿನದ ನಷ್ಟ

ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯ ಟರ್ಫ್ ಕ್ಲಬ್ಬಿನಲ್ಲಿ ಒಬ್ಬಾತ ಆರು ರೇಸ್‌ಗಳಿಗೆ ತಲಾ 2,000 ರೂಪಾಯಿ ಕಟ್ಟಿದ ಎಂದುಕೊಳ್ಳಿ. ಐದರಲ್ಲಿ ಸೋತ. ಕೊನೆಯದರಲ್ಲಿ ಒಂದಕ್ಕೆ ಆರರಂತೆ ಕಟ್ಟಿದ್ದ ಕುದುರೆ ಮೊದಲು ಬಂತು. ಕಟ್ಟಿದ ಹಣ ವಾಪಸಾಗಿ, ಮೇಲೆ 12,000 ಗೆಲುವು. ಸೋತ ಹತ್ತು ಸಾವಿರ ಕಳೆದರೂ ಎರಡು ಸಾವಿರ ಲಾಭ ಎನ್ನುವ ಲೆಕ್ಕ ಅವನದು.

ಆದರೆ ಬುಕ್ಕಿ ಹಣ ಕೊಡುವ ಮೊದಲೇ ಆ ಗೆಲುವಿನಲ್ಲಿ ಶೇ 30ರಷ್ಟು, ಅಂದರೆ 3,600 ರೂಪಾಯಿ, ಟಿಡಿಎಸ್ ಹಿಡಿಯುತ್ತಾನೆ. ಅಲ್ಲಿಗೆ ಲಾಭದ ದಿನ 1,600 ರೂಪಾಯಿ ನಷ್ಟದ ದಿನವಾಯಿತು. ರಿಟರ್ನ್ಸ್ ಸಲ್ಲಿಸುವಾಗ ಶೇ 4ರ ಸೆಸ್ ಎಂದು ಇನ್ನೂ 144 ರೂಪಾಯಿ.

ಸೋತ ಐದು ಟಿಕೆಟ್ ತೋರಿಸಿದರೆ ಪ್ರಯೋಜನವಿಲ್ಲ. ಬಾಜಿಯ ಗೆಲುವಿನಿಂದ ಸೋಲನ್ನಾಗಲಿ ಖರ್ಚನ್ನಾಗಲಿ ಕಳೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಬೇರೆ ಆದಾಯವೇ ಇಲ್ಲದವರಿಗೂ ಈ ಗೆಲುವಿನ ಮೇಲೆ ಮೂಲ ವಿನಾಯಿತಿ ಸಿಗದು. ಹಾಗಾಗಿ ಬಾಜಿಯ ಪುಸ್ತಕದಲ್ಲಿ ಎರಡು ಲೆಕ್ಕ ನಡೆಯಬೇಕು: ಇಲಾಖೆಗೆ ಬರೀ ಗೆಲುವಿನದು, ತನಗೆ ಸೋಲು ಗೆಲುವು ಎರಡರದೂ.

ಇಲಾಖೆಯ ಲೆಕ್ಕದಲ್ಲಿ ಜನ ಎಡವುವುದು ಸಣ್ಣ ಗೆಲುವುಗಳಲ್ಲಿ. 2025ರ ಏಪ್ರಿಲ್‌ನಿಂದ ಒಂದೇ ವ್ಯವಹಾರದಲ್ಲಿ 10,000 ರೂಪಾಯಿ ದಾಟಿದರಷ್ಟೇ ಟಿಡಿಎಸ್ ಹಿಡಿಯುತ್ತಾರೆ. ನಾಲ್ಕು ಸಾವಿರ ಗೆದ್ದವನ ಕೈಗೆ ಪೂರ್ತಿ ಹಣ ಬರುತ್ತದೆ. ತೆರಿಗೆ ಹಿಡಿದಿಲ್ಲ ಎಂದರೆ ತೆರಿಗೆ ಇಲ್ಲ ಎಂದು ತಿಳಿಯುವುದೇ ತಪ್ಪು. ಅದಕ್ಕೂ ಅದೇ ಶೇ 30. ಟಿಡಿಎಸ್ ಆದದ್ದು ಇಲಾಖೆಯ ದಾಖಲೆಯಲ್ಲಿ ಕಾಣುತ್ತದೆ, ಆಗದ್ದಕ್ಕೆ ಪುಸ್ತಕವೇ ಗತಿ. ಗೆದ್ದ ಟಿಕೆಟ್ಟನ್ನು ಕೌಂಟರಿಗೆ ಕೊಟ್ಟ ಮೇಲೆ ಅದೂ ಕೈಯಲ್ಲಿ ಉಳಿಯುವುದಿಲ್ಲ. ಕೊಡುವ ಮೊದಲೇ ಫೋಟೋ ತೆಗೆದುಕೊಂಡಿರಬೇಕು.

ತನಗಾಗಿ ಬರೆಯುವ ಲೆಕ್ಕ ಇನ್ನೂ ಕಠಿಣ, ಏಕೆಂದರೆ ಅಲ್ಲಿ ಕೇಳುವವರು ಯಾರೂ ಇಲ್ಲ. ದಿನಾಂಕ, ರೇಸ್ ಸಂಖ್ಯೆ, ಕುದುರೆ, ವಿನ್ನೋ ಪ್ಲೇಸೋ ಜಾಕ್‌ಪಾಟೋ, ಟೋಟೋ ಬುಕ್ಕಿಯೋ, ಕಟ್ಟಿದ ಹೊತ್ತಿನ ಆಡ್ಸ್, ಕಟ್ಟಿದ್ದೆಷ್ಟು, ಬಂದದ್ದೆಷ್ಟು. ಜೊತೆಗೆ ಈ ಕುದುರೆಯೇ ಏಕೆ ಎಂಬ ಒಂದು ಸಾಲು. ಆ ಸಾಲನ್ನು ಕುದುರೆ ಓಡುವ ಮೊದಲೇ ಬರೆಯಬೇಕು. ಓಟ ಮುಗಿದ ಮೇಲೆ ಎಲ್ಲರಿಗೂ 'ನನಗೆ ಮೊದಲೇ ಗೊತ್ತಿತ್ತು'.

ಗೆದ್ದ ಹಣವನ್ನೇ ಮುಂದಿನ ರೇಸಿಗೆ ಕಟ್ಟಿದಾಗ ಅದನ್ನು ಬರೆಯದೆ ಬಿಡುವವರು ಬಹಳ. ಜೇಬಿನಿಂದ ಹೋಗಲಿಲ್ಲವಲ್ಲ ಎಂಬ ಸಮಾಧಾನ! ಅದೂ ಹೊಸ ಬಾಜಿಯೇ, ಬೇರೆ ಸಾಲಿನಲ್ಲಿ ಬರಬೇಕು. ಐವತ್ತು ಅರವತ್ತು ಸಾಲುಗಳಾದಾಗ ಬಾಜಿಯ ಬಗೆಯಂತೆ ಕೂಡಿ ನೋಡಿದರೆ ಹಣ ಯಾವ ಕಡೆಯಿಂದ ಸೋರುತ್ತಿದೆ ಎಂಬುದು ಕಾಣುತ್ತದೆ. ವಿನ್‌ನಲ್ಲಿ ಸರಿಸಮವಾಗಿರುವವನು ಜಾಕ್‌ಪಾಟ್‌ನಲ್ಲಿ ಕಳೆಯುತ್ತಿರಬಹುದು. ಇಷ್ಟು ಕಡಿಮೆ ಸಾಲುಗಳಿಂದ ತನ್ನ ಜಾಣತನವನ್ನು ಮಾತ್ರ ಅಳೆಯಲಾಗದು. ಒಂದೇ ದೊಡ್ಡ ಗೆಲುವು ಇಡೀ ಮೊತ್ತವನ್ನು ತಿರುಗಿಸಿಬಿಡುತ್ತದೆ.

2025-26ರ ಗೆಲುವನ್ನು ತೋರಿಸಲು ಸಂಬಳದಾರರು ಬಳಸುವ ಸರಳವಾದ ಐಟಿಆರ್-1 ನಡೆಯುವುದಿಲ್ಲ. ವ್ಯಾಪಾರದ ಆದಾಯ ಇಲ್ಲದವರು ಐಟಿಆರ್-2 ತುಂಬಬೇಕು. ಆ ವರ್ಷ ಕಳೆದ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯಲೂ ಅವಕಾಶವಿಲ್ಲ.