ಪುಡಿ ಮಾಡುವ ಮುನ್ನ ಪಟ್ಟಿಯ ಹಿಂಬದಿ ಓದಿ

ನುಂಗಲಾಗದ ಹಿರಿಯರಿಗೆ ಮಾತ್ರೆ ಕುಟ್ಟಿ ನೀರಲ್ಲಿ ಕಲಸಿ ಕೊಡುವುದು ನಮ್ಮ ಮನೆಗಳಲ್ಲಿ ಮಾಮೂಲು. ಕುಟ್ಟುವ ಮೊದಲು ಮಾತ್ರೆಯ ಹೆಸರಿನ ಬಾಲ ನೋಡಿ. ಎಸ್‌ಆರ್, ಇಆರ್, ಸಿಆರ್, ಎಕ್ಸ್‌ಎಲ್, ರಿಟಾರ್ಡ್ ಎಂದಿದ್ದರೆ, ಅಥವಾ ‘ಸಸ್ಟೇನ್ಡ್ ರಿಲೀಸ್’, ‘ಪ್ರೊಲಾಂಗ್ಡ್ ರಿಲೀಸ್’ ಎಂದು ಬರೆದಿದ್ದರೆ, ಅದು ಔಷಧವನ್ನು ಗಂಟೆಗಟ್ಟಲೆ ನಿಧಾನವಾಗಿ ಬಿಡುವ ಮಾತ್ರೆ.

ಬಿಪಿಗೆ ಕೊಡುವ ನಿಫೆಡಿಪಿನ್ ರಿಟಾರ್ಡ್ 20 ಮಿಲಿಗ್ರಾಂ ಮಾತ್ರೆಯನ್ನೇ ನೋಡಿ. ದಿನಕ್ಕೆರಡು ಬಾರಿ ಕೊಡುವ ಇದು ಹಲವು ಗಂಟೆ ಕೆಲಸ ಮಾಡಬೇಕು. ಕುಟ್ಟಿದರೆ ಅಷ್ಟೂ ಔಷಧ ಬೇಗನೆ ರಕ್ತ ಸೇರುತ್ತದೆ. ಮುಖ ಕೆಂಪೇರಿ, ಎದೆಬಡಿತ ಹೆಚ್ಚಿ, ಬಿಪಿ ಕುಸಿದು ತಲೆ ಸುತ್ತಬಹುದು. ವಯಸ್ಸಾದವರಿಗೆ ಇದು ಜೀವಕ್ಕೇ ಅಪಾಯ. ಹೊತ್ತು ಕಳೆದಂತೆ ಔಷಧವೇ ಇಲ್ಲದೆ ಬಿಪಿ ಮತ್ತೆ ಏರುತ್ತದೆ.

‘ಗ್ಯಾಸ್ಟ್ರೋ ರೆಸಿಸ್ಟೆಂಟ್’, ‘ಎಂಟೆರಿಕ್ ಕೋಟೆಡ್’ ಎಂಬ ಬರಹದ ಕಥೆ ಬೇರೆ. ಪ್ಯಾಂಟೊಪ್ರಜೋಲ್‌ನ ಹೊದಿಕೆ ಒಡೆದರೆ ಹೊಟ್ಟೆಯ ಆಮ್ಲವೇ ಔಷಧವನ್ನು ಕೆಡಿಸುತ್ತದೆ. ಒಮೆಪ್ರಜೋಲ್ ಕ್ಯಾಪ್ಸೂಲ್‌ನೊಳಗಿನ ಕಾಳುಗಳಿಗೂ ಇಂಥದೇ ಹೊದಿಕೆ, ಅವನ್ನು ಅರೆಯಬಾರದು. ಮೂಗಿನ ನಳಿಕೆಯಲ್ಲಿ ಅವು ಕಟ್ಟಿಕೊಳ್ಳಲೂಬಹುದು.

ಕೆಲವು ಪಟ್ಟಿಗಳಲ್ಲಿ ಈ ಸುಳಿವೇ ಇರದು. ಆದ್ದರಿಂದ ಪಟ್ಟಿ ಹಿಡಿದು ಔಷಧ ಅಂಗಡಿಯ ಫಾರ್ಮಸಿಸ್ಟರನ್ನೋ ವೈದ್ಯರನ್ನೋ ಕೇಳಿ. ದ್ರವರೂಪ ಅಥವಾ ಬೇರೆ ಔಷಧ ಬರೆದುಕೊಡಬಹುದು. ಅಲ್ಲಿಯವರೆಗೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸದೆ ಅಂದೇ ಫೋನ್ ಮಾಡಿ.