ಮೊದಲ ತುತ್ತಿನಿಂದ ಒಂದು ಗಂಟೆ

ಗೊರೂರಿನ ಆಸುಪಾಸಿನ ಒಬ್ಬ ಬಸುರಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. 26 ವಾರ ತುಂಬಿದೆ. ಆರೋಗ್ಯ ಕೇಂದ್ರದಲ್ಲಿ 75 ಗ್ರಾಂ ಗ್ಲೂಕೋಸನ್ನು 300 ಮಿ.ಲೀ. ನೀರಿನಲ್ಲಿ ಕಲಸಿ ಕುಡಿಸಿದರು, ಎರಡು ಗಂಟೆ ಕೂರಿಸಿ ರಕ್ತ ನೋಡಿದರು. ಬಂದದ್ದು 152. ಈ ಪರೀಕ್ಷೆಗೆ ಹೊಟ್ಟೆ ಖಾಲಿ ಇರಲೇಬೇಕೆಂದಿಲ್ಲ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹ ಎಂದೇ ನಮ್ಮ ದೇಶದ ಸರ್ಕಾರಿ ಮಾರ್ಗಸೂಚಿ ಹಿಡಿಯುತ್ತದೆ. ಅವಳ ಕೈಗೆ ಒಂದು ಆಹಾರದ ಚೀಟಿ ಬಂತು. ಅದರಲ್ಲಿ ಎರಡು ಸಾಲು: ಏನು ತಿನ್ನಬೇಕು, ಯಾವಾಗ ಬೆರಳು ಚುಚ್ಚಿ ನೋಡಬೇಕು. ಮನೆಮಂದಿಯೆಲ್ಲ ಮೊದಲ ಸಾಲನ್ನು ಓದಿದರು. ಎರಡನೆಯದನ್ನು ಯಾರೂ ಸರಿಯಾಗಿ ನೋಡಲಿಲ್ಲ.

ಬಸುರಿಯ ಮೈಯಲ್ಲಿ ಆಗುವುದಿಷ್ಟು. ಮಗುವಿಗೆ ಆಹಾರ ಒದಗಿಸುವ ಮಾಸು ಕೆಲವು ಹಾರ್ಮೋನುಗಳನ್ನು ಸುರಿಸುತ್ತದೆ. ಅವು ತಾಯಿಯ ಇನ್ಸುಲಿನ್ನಿನ ಹಿಡಿತವನ್ನು ಸಡಿಲಿಸುತ್ತವೆ. ರಕ್ತದಲ್ಲಿ ಸಕ್ಕರೆ ಇನ್ನೊಂದಷ್ಟು ಹೊತ್ತು ನಿಂತು ಮಗುವಿಗೆ ಸಿಗಲಿ ಎಂಬ ಏರ್ಪಾಡು ಇದು. ಹೆಚ್ಚಿನವರಲ್ಲಿ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಮಾಡಿ ಸರಿದೂಗಿಸುತ್ತದೆ. ಅದು ಸಾಲದವರಲ್ಲಿ ಸಕ್ಕರೆ ಏರುತ್ತದೆ. ಹೀಗೆ ಏರಿದ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಮಗು ತನ್ನದೇ ಇನ್ಸುಲಿನ್ ಹೆಚ್ಚು ಮಾಡಿಕೊಂಡು ಕೊಬ್ಬು ಕಟ್ಟಿ ದಪ್ಪವಾಗುತ್ತದೆ. ಹುಟ್ಟಿದ ಮೇಲೆ ತಾಯಿಯಿಂದ ಬರುತ್ತಿದ್ದ ಸಕ್ಕರೆ ತಟಕ್ಕನೆ ನಿಂತುಹೋಗಿ ಅದರ ರಕ್ತದ ಸಕ್ಕರೆ ಕುಸಿಯಬಹುದು. ಅದಕ್ಕೇ ನವಜಾತ ಶಿಶುವಿನ ಹಿಮ್ಮಡಿಯಿಂದಲೂ ಹನಿ ರಕ್ತ ತೆಗೆದು ನೋಡುವುದು.

ಬೆಳಗಿನ ಹೊತ್ತಿನಲ್ಲಿ ಈ ಹಿಡಿತ ಇನ್ನಷ್ಟು ಸಡಿಲವಾಗಿರುತ್ತದೆ, ಏಕೆಂದರೆ ಆಗ ಮೈಯಲ್ಲಿ ಕಾರ್ಟಿಸಾಲ್ ಹೆಚ್ಚು. ರಾತ್ರಿ ತಿಂದರೆ ಸುಮ್ಮನಿರುವ ಎರಡು ದೋಸೆ ಬೆಳಿಗ್ಗೆ ತಿಂದರೆ ಸಕ್ಕರೆಯನ್ನು ಎತ್ತಿಬಿಡಬಹುದು. ನಮ್ಮ ಕಡೆಯ ತಿಂಡಿಯಾದರೋ ಹೆಚ್ಚಾಗಿ ಅಕ್ಕಿಯದೇ: ರೊಟ್ಟಿ, ಇಡ್ಲಿ, ಚಿತ್ರಾನ್ನ.

ಅವಳ ಮೊದಲ ದಿನದ ತಿಂಡಿ ಎರಡು ಅಕ್ಕಿರೊಟ್ಟಿ, ಆಲೂಗಡ್ಡೆ ಪಲ್ಯ, ಬೆಲ್ಲದ ಕಾಫಿ. ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿದರೆ ಅದರಲ್ಲಿ ಪಿಷ್ಟ ಸುಮಾರು 45 ಗ್ರಾಂ. ಹಾಸನದವರಿಗೆ ಆಲೂಗಡ್ಡೆ ಮನೆಯ ತರಕಾರಿ, ಆದರೆ ಚೀಟಿಯ ಲೆಕ್ಕದಲ್ಲಿ ಅದು ಅನ್ನದ ಪಂಕ್ತಿಯಲ್ಲೇ ಕೂರಬೇಕು. ಬೆಲ್ಲವೂ ಸಕ್ಕರೆಯೇ. ಎಲ್ಲ ಸೇರಿ 110 ಗ್ರಾಂ ದಾಟಿತು. ಬೆಳಗಿನ ತಿಂಡಿಗೆ ಗುರಿ 30 ಗ್ರಾಂ.

ಆದರೂ ಅಂದು ಮೀಟರು ತೋರಿಸಿದ್ದು 136. ಗುರಿ 140ರೊಳಗೆ ಎಂದಿದ್ದರಿಂದ ಮನೆಯಲ್ಲಿ ಎಲ್ಲರಿಗೂ ನಿರಾಳ. ಅತ್ತೆ, "ಎರಡು ಜೀವ ಕಣವ್ವ, ಇನ್ನೊಂದು ರೊಟ್ಟಿ ತಿನ್ನು" ಎಂದರು. ತಪ್ಪಾಗಿದ್ದು ಗಡಿಯಾರದಲ್ಲಿ. ತಿಂಡಿ ಮುಗಿಸಿ, ತಟ್ಟೆ ತೊಳೆದು, ಆಮೇಲೆ ಒಂದು ಗಂಟೆ ಎಣಿಸಿದ್ದಳು. ಅಷ್ಟು ಹೊತ್ತಿಗೆ ಮೊದಲ ತುತ್ತು ಬಾಯಿಗಿಟ್ಟು ಒಂದೂಮುಕ್ಕಾಲು ಗಂಟೆ ಕಳೆದಿತ್ತು, ಸಕ್ಕರೆ ಏರಿ ಇಳಿಯತೊಡಗಿತ್ತು. ಮರುದಿನ ಅದೇ ತಿಂಡಿ ತಿಂದು, ಮೊದಲ ತುತ್ತಿನಿಂದ ಸರಿಯಾಗಿ ಒಂದು ಗಂಟೆಗೆ ಚುಚ್ಚಿದಾಗ ಬಂದದ್ದು 171.

ಹಾಗಾಗಿ ಚೀಟಿಯ ಎರಡನೇ ಸಾಲನ್ನು ಹೀಗೆ ಓದಬೇಕು. ಬೆಳಿಗ್ಗೆ ಎದ್ದಾಗ, ಕಾಫಿಗೂ ಮೊದಲು: 95ಕ್ಕಿಂತ ಕಡಿಮೆ. ಊಟ ಶುರುವಾಗಿ ಒಂದು ಗಂಟೆಗೆ: 140ಕ್ಕಿಂತ ಕಡಿಮೆ. ಎರಡು ಗಂಟೆಗೆ ನೋಡುವುದಾದರೆ: 120ಕ್ಕಿಂತ ಕಡಿಮೆ. ಒಂದು ಗಂಟೆಯೋ ಎರಡು ಗಂಟೆಯೋ, ವೈದ್ಯರು ಹೇಳಿದ್ದನ್ನೇ ಹಿಡಿಯಬೇಕು. ದಿನಕ್ಕೊಂದು ಬದಲಿಸಿದರೆ ಅಂಕಿಗಳನ್ನು ಹೋಲಿಸಲಾಗದು. ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯೂಟ, ಜೊತೆಗೆ ಬರಿಹೊಟ್ಟೆ ಸೇರಿ ದಿನಕ್ಕೆ ನಾಲ್ಕು ಸಲ. ಸ್ಟ್ರಿಪ್ ದುಬಾರಿಯಾದರೆ ಬರಿಹೊಟ್ಟೆಯದರ ಜೊತೆಗೆ ಇಂದು ತಿಂಡಿಯದು, ನಾಳೆ ಮಧ್ಯಾಹ್ನದ್ದು, ನಾಡಿದ್ದು ರಾತ್ರಿಯದು ಎಂದು ಸರದಿ ಹಾಕಬಹುದೇ ಎಂದು ವೈದ್ಯರನ್ನೇ ಕೇಳಿ.

ಒಂದು ಬೆಳಿಗ್ಗೆ ಅವಳಿಗೆ ಬರಿಹೊಟ್ಟೆಯಲ್ಲೇ 148 ಬಂತು. ಅದಕ್ಕೆ ಮೊದಲಿನ ದಿನಗಳಲ್ಲಿ 86, 90 ಇತ್ತು. ಗಾಬರಿಯಾಗುವ ಮೊದಲು ಕೈ ನೋಡಬೇಕಿತ್ತು: ದೇವರ ಮುಂದೆ ಬಾಳೆಹಣ್ಣು ಸುಲಿದಿಟ್ಟು ಬಂದಿದ್ದಳು. ಬೆರಳಿಗೆ ಅಂಟಿದ ಹಣ್ಣಿನ ರಸವನ್ನೂ ಮೀಟರು ಅಳೆಯುತ್ತದೆ. ಸೋಪು ಹಾಕಿ ತೊಳೆದು, ಒರೆಸಿ, ಬೆರಳ ತುದಿಯ ಪಕ್ಕಕ್ಕೆ ಮತ್ತೆ ಚುಚ್ಚಿದಾಗ 89 ಬಂತು. ಒಂದೇ ಒಂದು ಅಂಕಿ ಉಳಿದವುಗಳ ಸಾಲಿನಿಂದ ಹೊರಗೆ ಹಾರಿದರೆ ಕೈ ತೊಳೆದು ಇನ್ನೊಮ್ಮೆ ನೋಡುವುದೇ ಮೊದಲ ಕೆಲಸ.

ಈಗ ಊಟದ ಸಾಲು. ಹೆದರಿ ಉಪವಾಸ ಮಾಡುವಂತಿಲ್ಲ. ಬಸುರಿಗೆ ದಿನಕ್ಕೆ ಕನಿಷ್ಠ 175 ಗ್ರಾಂ ಪಿಷ್ಟ ಬೇಕು. ಅದನ್ನು ಆರು ಹೊತ್ತಿಗೆ ಹಂಚುವುದೇ ಉಪಾಯ.

ಬೆಳಿಗ್ಗೆ ಎಂಟು: ಹೆಸರುಕಾಳು ನೆನೆಸಿ ರುಬ್ಬಿದ ಎರಡು ದೋಸೆ, ತೆಂಗಿನಕಾಯಿ-ಕೊತ್ತಂಬರಿ ಚಟ್ನಿ. 30 ಗ್ರಾಂ.
ಹತ್ತೂವರೆ: ಒಂದು ಸೀಬೆಹಣ್ಣು, ಹಿಡಿ ಕಡಲೆಕಾಯಿ ಬೀಜ. 15 ಗ್ರಾಂ.
ಮಧ್ಯಾಹ್ನ ಒಂದು: 50 ಗ್ರಾಂ ಹಿಟ್ಟಿನ ಒಂದು ಮುದ್ದೆ, ಸೊಪ್ಪು-ಹುರುಳಿಕಾಳಿನ ಬಸ್ಸಾರು ಮತ್ತು ಪಲ್ಯ, ಮೊಸರು. 50 ಗ್ರಾಂ.
ನಾಲ್ಕೂವರೆ: ಒಂದು ಬಟ್ಟಲು ಕಡಲೆಕಾಳಿನ ಉಸ್ಲಿ. 15 ಗ್ರಾಂ.
ರಾತ್ರಿ ಎಂಟು: ಎರಡು ಸಣ್ಣ ಚಪಾತಿ, ಹುರುಳಿಕಾಯಿ ಪಲ್ಯ, ಗಟ್ಟಿ ತೊವ್ವೆ, ಮೊಸರು. 50 ಗ್ರಾಂ.
ಮಲಗುವಾಗ: ಸಕ್ಕರೆ ಹಾಕದ ಒಂದು ಲೋಟ ಹಾಲು, ನಾಲ್ಕಾರು ಬಾದಾಮಿ. 15 ಗ್ರಾಂ.

ಒಟ್ಟು 175. ಇವು ಅಡಿಗೆಮನೆಯ ಅಂದಾಜು. ಅವರವರ ತೂಕ, ಹಸಿವು ನೋಡಿ ಆಹಾರತಜ್ಞರು ಹೆಚ್ಚುಕಡಿಮೆ ಮಾಡುತ್ತಾರೆ. ಪ್ರತಿ ಹೊತ್ತಿನಲ್ಲೂ ಪಿಷ್ಟದ ಜೊತೆ ಕಾಳೋ ಮೊಸರೋ ಬೀಜವೋ ಇರುವುದನ್ನು ಗಮನಿಸಿ. ಪ್ರೋಟೀನು, ನಾರು ಜೊತೆಗಿದ್ದರೆ ಪಿಷ್ಟ ನಿಧಾನವಾಗಿ ರಕ್ತಕ್ಕಿಳಿಯುತ್ತದೆ. ರಾಗಿಯಲ್ಲಿ ಸಕ್ಕರೆ ಇಲ್ಲ ಎಂಬ ಮಾತನ್ನು ಮಾತ್ರ ನಂಬಬೇಡಿ. ಅದರ ಸುಣ್ಣದಂಶ, ನಾರು ಒಳ್ಳೆಯದೇ, ಆದರೆ ಪಿಷ್ಟ ಅಕ್ಕಿಗಿಂತ ಬಹಳ ಕಡಿಮೆಯೇನಲ್ಲ. ದೊಡ್ಡ ಎರಡು ಮುದ್ದೆ ಉಂಡರೆ ಮೀಟರು ಹೇಳಿಬಿಡುತ್ತದೆ. ತೆಳುವಾದ ರಾಗಿ ಗಂಜಿ ಮುದ್ದೆಗಿಂತ ಬೇಗ ಜೀರ್ಣವಾಗುತ್ತದೆ, ಬೆಳಗಿನ ಹೊತ್ತಿಗೆ ಅದು ಬೇಡ.

ಹೆಸರುಕಾಳಿನ ದೋಸೆಗೆ ಬದಲಾಯಿಸಿದ ಮೇಲೆ ಅವಳ ತಿಂಡಿಯ ನಂತರದ ಅಂಕಿ 128ಕ್ಕೆ ಇಳಿಯಿತು. ಎಲ್ಲರಿಗೂ ಹೀಗೇ ಆಗುವುದಿಲ್ಲ. ಊಟದ ನಂತರದ ಅಂಕಿ ತಟ್ಟೆಯ ಮಾತು ಕೇಳುತ್ತದೆ. ಬರಿಹೊಟ್ಟೆಯದು ಅಷ್ಟಾಗಿ ಕೇಳುವುದಿಲ್ಲ. ರಾತ್ರಿಯಿಡೀ ಯಕೃತ್ತು ತಾನೇ ಸಕ್ಕರೆ ಬಿಡುತ್ತಿರುತ್ತದೆ, ಅದನ್ನು ತಡೆಯಬೇಕಾದದ್ದು ಇನ್ಸುಲಿನ್. ಎರಡು ವಾರ ಪಥ್ಯ ಮಾಡಿದರೂ ಗುರಿ ತಲುಪದಿದ್ದರೆ ವೈದ್ಯರು ಮೆಟ್‌ಫಾರ್ಮಿನ್ ಅಥವಾ ಇನ್ಸುಲಿನ್ ಶುರುಮಾಡುತ್ತಾರೆ. ಅಂಕಿ ಇಳಿಸಲೆಂದು ರಾತ್ರಿಯೂಟ ಬಿಟ್ಟರೆ ಮೈ ಕೊಬ್ಬು ಕರಗಿಸಿ ಕೀಟೋನುಗಳನ್ನು ಮಾಡುತ್ತದೆ, ಅದು ಮಗುವಿಗೆ ಒಳ್ಳೆಯದಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೆವರು, ನಡುಕ ಬಂದು ಅಂಕಿ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಗ್ಲೂಕೋಸ್ ನೀರಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು.

ಹೆರಿಗೆಯಾಗಿ ಮಾಸು ಬಿದ್ದೊಡನೆ ಆ ಹಾರ್ಮೋನುಗಳ ಕಾಟ ಮುಗಿಯುತ್ತದೆ, ಸಾಮಾನ್ಯವಾಗಿ ಸಕ್ಕರೆಯೂ ಇಳಿಯುತ್ತದೆ. ಚೀಟಿಯನ್ನು ಹರಿದು ಹಾಕಬೇಕೆನಿಸುವ ಹೊತ್ತೂ ಅದೇ. ಆದರೆ ಅದರ ಕೊನೆಯಲ್ಲಿ ಇನ್ನೊಂದು ಸಮಯ ಬರೆದಿರುತ್ತದೆ: ಹೆರಿಗೆಯಾಗಿ ಆರು ವಾರಕ್ಕೆ, ಈ ಸಲ ಬರಿಹೊಟ್ಟೆಯಲ್ಲಿ, ಅದೇ 75 ಗ್ರಾಂ ಗ್ಲೂಕೋಸ್. ಬಸುರಿನಲ್ಲಿ ಸಕ್ಕರೆ ಏರಿದವರಿಗೆ ಮುಂದೆ ಕಾಯಂ ಮಧುಮೇಹ ಬರುವ ಸಂಭವ ಹೆಚ್ಚು. ಬಾಣಂತನಕ್ಕೆ ತವರಿಗೆ ಹೋದವಳ ಚೀಲದಲ್ಲಿ ತಾಯಿ ಕಾರ್ಡಿನ ಜೊತೆ ಈ ಚೀಟಿಯೂ ಇದ್ದರೆ ಆ ದಿನ ತಪ್ಪುವುದಿಲ್ಲ. ಮಗುವಿಗೆ ಆರು ವಾರದ ಲಸಿಕೆ ಹಾಕಿಸಲು ಹೇಗೂ ಆಸ್ಪತ್ರೆಗೆ ಹೋಗಬೇಕು. ಅಂದು ಬೆಳಿಗ್ಗೆ ತಾಯಿ ಏನೂ ತಿನ್ನದೆ ಹೊರಟರಾಯಿತು.